ಕಾಲ್‌ನಲ್ಲಿ ಒಪ್ಪಿದ್ದನ್ನು ಅದೇ ಸಂಜೆ ಮೇಲ್‌ಗೆ ಇಳಿಸುವುದು ಹೇಗೆ

ಡೊಂಬಿವಲಿಯಲ್ಲಿ ಮನೆಯಿಂದಲೇ ವೆಬ್‌ಸೈಟ್ ಕೆಲಸ ಮಾಡುವವರೊಬ್ಬರು. ಮಾಟುಂಗಾದಲ್ಲಿ ಒಂದು, ವಾಶಿಯಲ್ಲಿ ಇನ್ನೊಂದು ಉಡುಪಿ ಹೋಟೆಲ್ ನಡೆಸುವ ಶೆಟ್ರೊಬ್ಬರು. ಮಂಗಳವಾರ ಮಧ್ಯಾಹ್ನ, ಊಟದ ರಶ್ ಇಳಿದ ಮೇಲೆ, ಇಬ್ಬರೂ ಫೋನಿನಲ್ಲಿ ಮುಕ್ಕಾಲು ಗಂಟೆ ಮಾತಾಡುತ್ತಾರೆ. ಆನ್‌ಲೈನ್ ಆರ್ಡರ್ ತೆಗೆದುಕೊಳ್ಳುವ ವೆಬ್‌ಸೈಟ್ ಆಗಬೇಕು, ಎಂಬತ್ತೈದು ಸಾವಿರ, ಗಣಪತಿಗೆ ಮುಂಚೆ. "ಆಯ್ತಲ್ಲ, ಶುರು ಮಾಡಿ" ಅನ್ನುವಲ್ಲಿಗೆ ಮಾತು ಮುಗಿಯುತ್ತದೆ.

ವಿವರಿಸಲು ಅನುಕೂಲವಾಗಲಿ ಅಂತ ನಾನು ಕಟ್ಟಿಕೊಂಡ ಉದಾಹರಣೆ ಇದು. ಆದರೆ ಮುಂಬೈಯಲ್ಲಿ ಡಿಸೈನು, ವೆಬ್‌ಸೈಟು, ವಿಡಿಯೊ ಅಂತ ಸ್ವಂತ ಕೆಲಸ ಮಾಡಿಕೊಂಡಿರುವ ನಮ್ಮವರಲ್ಲಿ ಬಹಳ ಜನರ ಕೆಲಸ ಶುರುವಾಗುವುದು ಹೀಗೇ. ಆ ಮುಕ್ಕಾಲು ಗಂಟೆಯಲ್ಲಿ ಏನೇನು ತೀರ್ಮಾನವಾಗದೆ ಉಳಿಯಿತು ನೋಡಿ. ಎಂಬತ್ತೈದು ಸಾವಿರದಲ್ಲಿ ಜಿಎಸ್‌ಟಿ ಸೇರಿದೆಯೋ, ಅದು ಬೇರೆಯೋ? ಬೇರೆ ಅಂತಾದರೆ ಶೇ 18ರ ಲೆಕ್ಕದಲ್ಲಿ ಇನ್ನೂ 15,300 ರೂಪಾಯಿ. ಮೆನುವಿನ ಫೋಟೋ ಯಾರು ತೆಗೆಸಬೇಕು? ಮಾತಿನ ನಡುವೆ ಶೆಟ್ರು "ಮರಾಠಿಯಲ್ಲೂ ಇದ್ರೆ ಒಳ್ಳೇದು" ಅಂದರು, ಇವರು "ಹ್ಞೂಂ, ಹೌದು" ಅಂದರು. ಅದು ಒಪ್ಪಿಗೆಯೋ, ಬರಿಯ ಹೂಂಗುಟ್ಟುವಿಕೆಯೋ?

ಬಾಯಿಮಾತಿನ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ ಅಂತ ಕೆಲವರು ತಿಳಿದಿದ್ದಾರೆ. ಹಾಗೇನಿಲ್ಲ. 1872ರ ಕರಾರು ಕಾಯಿದೆಯ ಪ್ರಕಾರ ಇಂಥ ಕೆಲಸಕ್ಕೆ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ತೊಂದರೆ ಬರುವುದು ಏನು ಒಪ್ಪಿದ್ದೆವು ಅಂತ ತೋರಿಸಬೇಕಾದಾಗ. ಅದನ್ನು ತೋರಿಸಲು ಸ್ಟಾಂಪ್ ಪೇಪರೇ ಬೇಕು ಅಂತಲೂ ಇಲ್ಲ. ಮೇಲ್ ಮೂಲಕ ಆದ ಒಪ್ಪಂದ ಚಲಾವಣೆಯಾಗುತ್ತದೆ ಅಂತ ಮಾಹಿತಿ ತಂತ್ರಜ್ಞಾನ ಕಾಯಿದೆಯ 10ಎ ಕಲಮು ಹೇಳುತ್ತದೆ. ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯುಮಿನಿಯಂ ನಡುವಿನ 2010ರ ಪ್ರಕರಣದಲ್ಲಿ, ಸಹಿ ಹಾಕಿದ ಕರಾರುಪತ್ರ ಇಲ್ಲದಿದ್ದರೂ ಮೇಲ್‌ಗಳಲ್ಲಿ ಮುಖ್ಯ ಸಂಗತಿಗಳೆಲ್ಲ ಒಪ್ಪಿತವಾಗಿದ್ದರೆ ಒಪ್ಪಂದ ಆದಂತೆಯೇ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ಅಲ್ಲಿದ್ದವು ದೊಡ್ಡ ಕಂಪನಿಗಳು. ನಮ್ಮ ಎಂಬತ್ತೈದು ಸಾವಿರಕ್ಕೆ ಕೋರ್ಟಿನ ಮೆಟ್ಟಿಲು ಹತ್ತುವವರು ಕಡಿಮೆ. ಆದರೂ ಮಾತು ತಿರುಗುವ ಹೊತ್ತಿಗೆ ಮುಂದಿಡಲು ಒಂದು ಮೇಲ್ ಇದ್ದರೆ ಜಗಳ ಅಲ್ಲಿಗೇ ನಿಲ್ಲುವುದು ಹೆಚ್ಚು.

ಕಾಲ್ ಮುಗಿಯುವ ಮೊದಲಿನ ಐದು ನಿಮಿಷ

ಮೇಲ್ ಚೆನ್ನಾಗಿ ಬರುವುದೋ ಇಲ್ಲವೋ ಅನ್ನುವುದು ಕಾಲ್‌ನಲ್ಲೇ ನಿರ್ಧಾರವಾಗಿರುತ್ತದೆ. ಮಾತಾಡುವಾಗ ಕಾಗದದ ಮೇಲೆ ಬರೀ ತೀರ್ಮಾನಗಳನ್ನು ಬರೆದುಕೊಳ್ಳಿ. ಚರ್ಚೆಯನ್ನು ಬರೆಯುತ್ತಾ ಕೂತರೆ ಆಮೇಲೆ ಅದರೊಳಗಿಂದ ತೀರ್ಮಾನ ಹೆಕ್ಕುವುದೇ ಇನ್ನೊಂದು ಕೆಲಸವಾಗುತ್ತದೆ. ಕ್ಲೈಂಟ್ "ನೋಡೋಣ", "ಇದ್ರೆ ಒಳ್ಳೇದು", "ಮುಂದೆ ಮಾಡ್ಬಹುದು" ಅಂದ ಪ್ರತಿ ವಿಷಯದ ಪಕ್ಕ ಒಂದು ಪ್ರಶ್ನೆ ಚಿಹ್ನೆ ಹಾಕಿ. ಮುಂದೆ ತಕರಾರು ಎದ್ದರೆ ಹೆಚ್ಚಾಗಿ ಏಳುವುದು ಈ ಚಿಹ್ನೆ ಬಿದ್ದ ಸಾಲುಗಳಿಂದಲೇ.

ಕೊನೆಯಲ್ಲಿ ಆ ಪಟ್ಟಿಯನ್ನು ಓದಿ ಹೇಳಿ. ಸಾಧಾರಣವಾಗಿ ಹೀಗೆ ಸಾಗುತ್ತದೆ:

"ಶೆಟ್ರೇ, ಒಂದು ಸಲ ಓದ್ತೇನೆ, ತಪ್ಪಿದ್ರೆ ಹೇಳಿ. ಎರಡು ಬ್ರಾಂಚು, ಎರಡಕ್ಕೂ ಒಂದೇ ಮೆನು."

"ಒಂದೇ ಅಲ್ಲ ಮಾರಾಯ್ರೇ. ವಾಶಿಯಲ್ಲಿ ಚೈನೀಸ್ ಉಂಟು, ಮಾಟುಂಗಾದಲ್ಲಿ ಇಲ್ಲ."

"ಹಾಗಾದ್ರೆ ಎರಡು ಮೆನು. ಮರಾಠಿಯಲ್ಲೂ ಬೇಕು ಅಂದ್ರಿ, ಈಗಲೇ ಬೇಕಾ?"

"ಈಗ ಇಂಗ್ಲಿಷ್‌ನಲ್ಲಿ ಆಗ್ಲಿ. ಮತ್ತೆ ನೋಡುವ."

"ಆಯ್ತು. ಸಂಜೆ ಇಷ್ಟನ್ನೂ ಬರೆದು ಕಳಿಸ್ತೇನೆ. ಅದನ್ನ ಓದಿ, ಸರಿ ಅನಿಸಿದ್ರೆ ಆಮೇಲೆ ಅಡ್ವಾನ್ಸ್ ಹಾಕಿ."

ಎರಡು ಮೆನು ಅನ್ನುವುದು ಮುಕ್ಕಾಲು ಗಂಟೆ ಮಾತಾಡಿದರೂ ಹೊರಬಂದಿರಲಿಲ್ಲ, ಓದಿ ಹೇಳಿದಾಗ ಬಂತು. ಅದಕ್ಕಿಂತ ಮುಖ್ಯವಾದದ್ದು ಕೊನೆಯ ಸಾಲು. ಅಡ್ವಾನ್ಸನ್ನು ಮೇಲ್‌ಗೆ ಕಟ್ಟಿಹಾಕಿದ್ದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಬರೆದು ಕಳಿಸ್ತೇನೆ ಅಂದಾಗ "ಯಾಕೆ, ನಂಬಿಕೆ ಇಲ್ವಾ?" ಅನ್ನುವವರು ನಮ್ಮಲ್ಲಿ ಇದ್ದಾರೆ, ಅದರಲ್ಲೂ ಪರಿಚಯದ ಮೇಲೆ, ಊರಿನ ನಂಟಿನ ಮೇಲೆ ಕೆಲಸ ಕೊಟ್ಟವರು. ಅವರೆದುರು ಕಾನೂನು, ದಾಖಲೆ ಅನ್ನುವ ಮಾತೇ ತೆಗೆಯಬೇಡಿ. "ನಾನು ಸರಿಯಾಗಿ ಕೇಳಿಸಿಕೊಂಡೆನಾ ಅಂತ ನೀವು ಒಮ್ಮೆ ನೋಡ್ಬೇಕು ಅಣ್ಣ, ಬರೆದಿಟ್ಟರೆ ನನಗೂ ಮರೆಯೋದಿಲ್ಲ" ಅಂದರೆ ಸಾಕು. ತಪ್ಪಾಗಬಹುದಾದ ಹೊಣೆ ನಿಮ್ಮ ಕಿವಿಯ ಮೇಲೆ ಬರುತ್ತದೆ, ಅವರ ಮಾತಿನ ಮೇಲಲ್ಲ.

ಕಾಲ್ ರೆಕಾರ್ಡ್ ಮಾಡಿಟ್ಟುಕೊಂಡರೆ ಸಾಲದೇ ಅಂತ ಕೇಳುವವರಿದ್ದಾರೆ. ಸಾಲದು. ರೆಕಾರ್ಡಿಂಗಿನಲ್ಲಿರುವುದು ಅದೇ "ಹ್ಞೂಂ, ಹೌದು". ಬಗೆಹರಿಯದ ಮಾತು ರೆಕಾರ್ಡ್ ಆದ ಮಾತ್ರಕ್ಕೆ ಬಗೆಹರಿಯುವುದಿಲ್ಲ.

ದಿನಾಂಕ ಅಂದರೆ ಕ್ಯಾಲೆಂಡರಿನ ದಿನಾಂಕ

ಮುಂಬೈ, ಪುಣೆ ಕಡೆ ವರ್ಷದ ಅರ್ಧ ಕೆಲಸದ ಗಡುವು ಹಬ್ಬದ ಹೆಸರಿನಲ್ಲೇ ಬರುತ್ತದೆ. "ಗಣಪತಿಗೆ ಮುಂಚೆ" ಅಂದರೆ ಚೌತಿಯ ಹಿಂದಿನ ದಿನವೂ ಆಗುತ್ತದೆ, ಆದರೆ ಆ ದಿನ ಹೋಟೆಲಿನವರು ನಿಮ್ಮ ಫೋನ್ ಎತ್ತುವುದೂ ಕಷ್ಟ. "ಗಣಪತಿ ಆದ್ಮೇಲೆ" ಅನ್ನುವುದು ಇನ್ನೂ ಕಷ್ಟ. ಇಲ್ಲಿ ಕೆಲವರ ಮನೆ ಗಣಪತಿ ಒಂದೂವರೆ ದಿನಕ್ಕೆ ಹೊರಡುತ್ತದೆ, ಕೆಲವರದು ಐದಕ್ಕೆ, ಕೆಲವರದು ಗೌರಿಯ ಜೊತೆಗೆ, ಮಂಡಲಗಳದ್ದು ಅನಂತ ಚತುರ್ದಶಿಗೆ. ಕೇಳಿದವರು ಒಂದು ಲೆಕ್ಕ ಹಿಡಿದಿರುತ್ತಾರೆ, ಹೇಳಿದವರು ಇನ್ನೊಂದು, ನಡುವೆ ಒಂದೂವರೆ ವಾರ ಕಳೆದುಹೋಗುತ್ತದೆ. "ಮುಂದಿನ ಶುಕ್ರವಾರ", "ಹದಿನೈದು ದಿನದಲ್ಲಿ", "ತಿಂಗಳ ಕೊನೆಗೆ" ಇವೂ ಅಷ್ಟೇ. ಹದಿನೈದು ದಿನ ಯಾವಾಗಿನಿಂದ? ಕಾಲ್ ಆದ ದಿನದಿಂದಲೋ, ಅಡ್ವಾನ್ಸ್ ಬಂದ ದಿನದಿಂದಲೋ?

ಹಾಗಾಗಿ ಮೇಲ್‌ನಲ್ಲಿ ವಾರ, ತಾರೀಖು, ತಿಂಗಳು ಮೂರನ್ನೂ ಬರೆಯಿರಿ. 4/9 ಅಂತ ಬರೆಯುವ ಬದಲು "ಶುಕ್ರವಾರ, 4 ಸೆಪ್ಟೆಂಬರ್" ಅಂತಿರಲಿ. ವಾರವೂ ಇದ್ದರೆ ಇನ್ನೊಂದು ಲಾಭವಿದೆ. ತಾರೀಖು ಬರೆಯುವಾಗ ಕೈತಪ್ಪಿದರೆ ವಾರ ಮತ್ತು ತಾರೀಖು ತಾಳೆಯಾಗುವುದಿಲ್ಲ, ಓದಿದವರಿಗೆ ತಕ್ಷಣ ಗೊತ್ತಾಗುತ್ತದೆ.

ನಿಮ್ಮ ದಿನಾಂಕದ ಜೊತೆಗೆ ಕ್ಲೈಂಟಿನ ದಿನಾಂಕವೂ ಇರಬೇಕು. ವೆಬ್‌ಸೈಟ್ ಕೆಲಸದಲ್ಲಿ ಕಾಯುವುದೇ ಹೆಚ್ಚು: ಮೆನು ಪಟ್ಟಿಗೆ, ಫೋಟೋಗೆ, ಪೇಮೆಂಟ್ ಗೇಟ್‌ವೇ ಖಾತೆಗೆ. ಈ ಖಾತೆ ಹೋಟೆಲಿನ ಹೆಸರಿನಲ್ಲೇ ಆಗಬೇಕು. ಪ್ಯಾನ್, ಬ್ಯಾಂಕ್ ವಿವರ, ವ್ಯವಹಾರದ ದಾಖಲೆ ಎಲ್ಲ ಮಾಲೀಕರೇ ಕೊಡಬೇಕು. ಹಣ ಮರುಪಾವತಿಯ ನಿಯಮ, ಖಾಸಗಿತನದ ನಿಯಮ ಇರುವ ಪುಟಗಳು ಸೈಟಿನಲ್ಲಿ ಇವೆಯೇ ಅಂತ ಗೇಟ್‌ವೇಯವರೂ ನೋಡುತ್ತಾರೆ. ಈ ಪರಿಶೀಲನೆ ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿಲ್ಲದ್ದಕ್ಕೆ ನೀವು ದಿನಾಂಕ ಕೊಟ್ಟರೆ ಅದು ನಿಮ್ಮ ತಲೆಗೇ ಬರುತ್ತದೆ.

ಮೇಲ್ ಹೇಗಿರಬೇಕು

ನಮ್ಮ ಉದಾಹರಣೆಯ ಕಾಲ್ ಆದದ್ದು 2026ರ ಜುಲೈ 14ರಂದು ಅಂತಿಟ್ಟುಕೊಳ್ಳೋಣ. ಆ ವರ್ಷ ಚೌತಿ ಸೆಪ್ಟೆಂಬರ್ 14ರ ಸೋಮವಾರ. ಅದೇ ಸಂಜೆ ಹೋಗಬೇಕಾದ ಮೇಲ್ ಹೀಗಿರಬಹುದು:

> ವಿಷಯ: ಹೋಟೆಲ್ ವೆಬ್‌ಸೈಟ್: 14 ಜುಲೈ 2026ರ ಕಾಲ್‌ನಲ್ಲಿ ಒಪ್ಪಿದ್ದು
>
> ಶೆಟ್ರೇ, ನಮಸ್ಕಾರ.
>
> ಇವತ್ತು ಮಧ್ಯಾಹ್ನ ಮಾತಾಡಿದ್ದನ್ನು ನನಗೆ ಅರ್ಥವಾದ ಹಾಗೆ ಬರೆದಿದ್ದೇನೆ. ಎಲ್ಲಾದರೂ ತಪ್ಪಿದ್ದರೆ ಗುರುವಾರ, 16 ಜುಲೈ ಸಂಜೆಯೊಳಗೆ ತಿಳಿಸಿ.
>
> ಮಾಡುವ ಕೆಲಸ: ಮಾಟುಂಗಾ ಮತ್ತು ವಾಶಿ ಬ್ರಾಂಚುಗಳಿಗೆ ಒಂದೇ ವೆಬ್‌ಸೈಟ್, ಒಳಗೆ ಎರಡು ಬೇರೆ ಬೇರೆ ಮೆನು, ಒಟ್ಟು 120 ಐಟಂವರೆಗೆ. ಗಿರಾಕಿ ಆರ್ಡರ್ ಮಾಡಿ ಆನ್‌ಲೈನ್ ಹಣ ಕಟ್ಟಬಹುದು, ಪಾರ್ಸೆಲ್ಲನ್ನು ಹೋಟೆಲಿಗೆ ಬಂದು ಒಯ್ಯಬೇಕು. ಭಾಷೆ ಇಂಗ್ಲಿಷ್. ಡಿಸೈನ್‌ಗೆ ಎರಡು ಸಲ ತಿದ್ದುಪಡಿ. ಒಂದು ಸಲ ಅಂದರೆ ಎಲ್ಲ ಬದಲಾವಣೆಗಳನ್ನೂ ಒಟ್ಟಿಗೆ ಬರೆದು ಕಳಿಸಿದ ಒಂದು ಪಟ್ಟಿ.
>
> ಈಗ ಸೇರದ್ದು: ಮರಾಠಿ ಮೆನು, ಮನೆಗೆ ಡೆಲಿವರಿ, ಡೆಲಿವರಿ ಹುಡುಗ ಎಲ್ಲಿದ್ದಾನೆಂದು ಮ್ಯಾಪಿನಲ್ಲಿ ತೋರಿಸುವುದು, ಫೋಟೋ ತೆಗೆಸುವುದು, ಬಿಲ್ಲಿಂಗ್ ಮೆಷಿನ್ ಜೊತೆ ಜೋಡಿಸುವುದು. ಬೇಕೆಂದರೆ ಆಮೇಲೆ ಬೇರೆ ದರ ಮಾತಾಡೋಣ.
>
> ನಿಮ್ಮಿಂದ ಬರಬೇಕಾದ್ದು: ದರ ಸಮೇತ ಎರಡೂ ಮೆನು ಮತ್ತು ಫೋಟೋಗಳು, ಶುಕ್ರವಾರ 24 ಜುಲೈಗೆ. ಪೇಮೆಂಟ್ ಗೇಟ್‌ವೇ ಖಾತೆ, ಹೋಟೆಲಿನ ಹೆಸರಿನಲ್ಲಿ, ಶುಕ್ರವಾರ 14 ಆಗಸ್ಟ್‌ಗೆ. ಅರ್ಜಿ ತುಂಬಲು ನಾನು ಸಹಾಯ ಮಾಡುತ್ತೇನೆ.
>
> ನನ್ನ ದಿನಾಂಕ: ಡಿಸೈನ್ ತೋರಿಸುವುದು ಸೋಮವಾರ 3 ಆಗಸ್ಟ್. ಟೆಸ್ಟ್ ಸೈಟ್ ಸೋಮವಾರ 24 ಆಗಸ್ಟ್. ಸೈಟ್ ಲೈವ್ ಶುಕ್ರವಾರ 4 ಸೆಪ್ಟೆಂಬರ್. ಮೇಲೆ ಹೇಳಿದ್ದು ತಡವಾಗಿ ಬಂದರೆ ಹೊಸ ದಿನಾಂಕವನ್ನು ಬರೆದು ತಿಳಿಸುತ್ತೇನೆ.
>
> ಕೆಲಸ ಮುಗಿಯಿತು ಅನ್ನುವುದು: ಎರಡೂ ಬ್ರಾಂಚಿಗೆ ಒಂದೊಂದು ಆರ್ಡರ್ ಹಾಕಿ, ಹಣ ಕಟ್ಟಿ, ಆ ಆರ್ಡರ್ ಆಯಾ ಕೌಂಟರಿನ ಫೋನಿಗೆ ಬಂದಾಗ.
>
> ಹಣ: 85,000 ರೂ., ಅದರ ಮೇಲೆ ಜಿಎಸ್‌ಟಿ 15,300. ಅಡ್ವಾನ್ಸ್ 34,000, ಟೆಸ್ಟ್ ಸೈಟ್ ತೋರಿಸಿದಾಗ 34,000, ಲೈವ್ ಆದ ಏಳು ದಿನದೊಳಗೆ 17,000. ಪ್ರತಿ ಸಲವೂ ಜಿಎಸ್‌ಟಿ ಬೇರೆ.
>
> ತೀರ್ಮಾನವಾಗದ್ದು: ಡೊಮೈನ್ ಮತ್ತು ಹೋಸ್ಟಿಂಗಿನ ವರ್ಷದ ಖರ್ಚು ಯಾರದೆಂದು ಮಾತಾಡಲಿಲ್ಲ. ಅದು ಹೋಟೆಲಿನದ್ದು ಅಂತ ಇಟ್ಟುಕೊಂಡಿದ್ದೇನೆ, ಸರಿಯೇ ತಿಳಿಸಿ.
>
> ಎಲ್ಲ ಸರಿಯಿದ್ದರೆ "ಸರಿ, ಮುಂದುವರಿಸಿ" ಅಂತ ಇದಕ್ಕೇ ಉತ್ತರಿಸಿ. ಅಡ್ವಾನ್ಸ್ ಬಿಲ್ ಜೊತೆಗಿದೆ.

ಇದಕ್ಕಿಂತ ಉದ್ದ ಬೇಡ. ಶೆಟ್ರು ಇದನ್ನು ಗಲ್ಲಾದ ಹಿಂದೆ ನಿಂತು, ಫೋನಿನ ಪರದೆಯ ಮೇಲೆ ಓದುವವರು. ಮಾದರಿಯನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ. ನೀವು ಕಳಿಸುವಾಗ ಹಣ ಪಾಸು ಮಾಡುವವರು ಓದುವ ಭಾಷೆಯಲ್ಲಿ ಕಳಿಸಿ. ಮಾಲೀಕರು ಕನ್ನಡದವರಾದರೂ ಲೆಕ್ಕ ನೋಡುವ ಸಿಎ ಗುಜರಾತಿಯೋ ಮರಾಠಿಯವರೋ ಆಗಿದ್ದರೆ ಸರಳ ಇಂಗ್ಲಿಷ್ ವಾಸಿ. ಜಿಎಸ್‌ಟಿ ನೋಂದಣಿ ಇಲ್ಲದವರು ಆ ಸಾಲಿನಲ್ಲಿ "ನನಗೆ ಜಿಎಸ್‌ಟಿ ನೋಂದಣಿ ಇಲ್ಲ, ಮೇಲೆ ತೆರಿಗೆ ಇಲ್ಲ" ಅಂತಲೇ ಬರೆಯಿರಿ. ಬಿಟ್ಟರೆ ಸಿಎ ಕೇಳಿಯೇ ಕೇಳುತ್ತಾರೆ.

ಈ ಮೇಲ್‌ನಲ್ಲಿ ನಾನು ಎಲ್ಲಕ್ಕಿಂತ ಬೆಲೆ ಕೊಡುವುದು "ಈಗ ಸೇರದ್ದು" ಅನ್ನುವ ಸಾಲಿಗೆ. ಮಾಡುವ ಕೆಲಸವನ್ನು ಎಲ್ಲರೂ ಬರೆಯುತ್ತಾರೆ. ಆದರೆ "ಆನ್‌ಲೈನ್ ಆರ್ಡರ್" ಅಂದ ಕೂಡಲೇ ಶೆಟ್ರ ಕಣ್ಣೆದುರು ಬರುವುದು ದೊಡ್ಡ ಡೆಲಿವರಿ ಆ್ಯಪ್‌ಗಳಲ್ಲಿ ಅವರು ದಿನಾ ನೋಡುವುದು: ಬೈಕು ಮ್ಯಾಪಿನ ಮೇಲೆ ಓಡುತ್ತಾ ಬರುವುದು. ಅದು ಇಲ್ಲ ಅಂತ ಇವತ್ತು ಬರೆದರೆ ಒಂದು ಸಾಲು. ಟೆಸ್ಟ್ ಸೈಟ್ ತೋರಿಸಿದ ದಿನ ಹೇಳಿದರೆ ಮನಸ್ತಾಪ. ಈ ಸಾಲಿಗೆ ಏನು ಹಾಕಬೇಕು ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕಾಲ್‌ನಲ್ಲಿ ಪ್ರಶ್ನೆ ಚಿಹ್ನೆ ಬಿದ್ದವು ಮತ್ತು ಇಂಥ ಕೆಲಸದಲ್ಲಿ ಜನ ಸಾಮಾನ್ಯವಾಗಿ ಸೇರಿಯೇ ಇದೆ ಅಂದುಕೊಳ್ಳುವಂಥವು, ಅಷ್ಟೇ.

"ತೀರ್ಮಾನವಾಗದ್ದು" ಅನ್ನುವುದನ್ನೂ ಬಿಡಬೇಡಿ. ಮಾತಾಡದೆ ಇದ್ದದ್ದನ್ನು ಮಾತಾಡಿದ ಹಾಗೆ ಒಪ್ಪಿದ ಪಟ್ಟಿಯೊಳಗೆ ತೂರಿಸುವ ಚಪಲ ಬರುತ್ತದೆ. ಕ್ಲೈಂಟ್ ಅದನ್ನು ಹಿಡಿದರೆ ಇಡೀ ಮೇಲ್ ಮೇಲಿನ ವಿಶ್ವಾಸವೇ ಹೋಗುತ್ತದೆ. ಬೇರೆಯಾಗಿ ಬರೆದು, ನೀವೇನು ಅಂದುಕೊಂಡಿದ್ದೀರಿ ಅನ್ನುವುದನ್ನೂ ಹೇಳಿದರೆ ಅವರಿಗೆ ಉತ್ತರಿಸುವುದು ಸುಲಭ.

ಉತ್ತರ ಬಂತು, ಅಥವಾ ಬರಲಿಲ್ಲ

"ಎರಡು ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿಗೆಯೆಂದು ತಿಳಿಯುತ್ತೇನೆ" ಅನ್ನುವ ಸಾಲನ್ನು ಹಾಕಿ ನೆಮ್ಮದಿಯಾಗುವವರು ಬಹಳ. ಆ ಸಾಲಿಗೆ ಅವರು ತಿಳಿದಷ್ಟು ಬಲವಿಲ್ಲ. ಸುಮ್ಮನಿದ್ದವನು ಒಪ್ಪಿದ ಅಂತ ನೀವೊಬ್ಬರೇ ನಿಯಮ ಮಾಡಿಬಿಡಲು ಬರುವುದಿಲ್ಲ. ಆದರೆ ಕರಾರು ಕಾಯಿದೆಯ 8ನೇ ಕಲಮಿನಲ್ಲಿ ನಮಗೆ ಬೇಕಾದ್ದೊಂದು ಇದೆ: ಮುಂದಿಟ್ಟ ಷರತ್ತಿನಂತೆ ನಡೆದುಕೊಂಡರೆ, ಅಥವಾ ಅದರ ಜೊತೆಗೆ ಕೊಟ್ಟದ್ದನ್ನು ಪ್ರತಿಫಲವಾಗಿ ಸ್ವೀಕರಿಸಿದರೆ, ಅದೂ ಒಪ್ಪಿಗೆಯೇ.

ಅಡ್ವಾನ್ಸನ್ನು ಮೇಲ್‌ಗೆ ಕಟ್ಟಿದ್ದು ಇದಕ್ಕೇ. ಬಿಲ್ಲನ್ನು ಅದೇ ಮೇಲ್ ಜೊತೆ ಕಳಿಸಿ, ಬಿಲ್ಲಿನ ವಿವರದಲ್ಲಿ "14 ಜುಲೈ 2026ರ ಮೇಲ್‌ನಲ್ಲಿ ಬರೆದ ಕೆಲಸಕ್ಕೆ ಅಡ್ವಾನ್ಸ್" ಅಂತ ಒಂದು ಸಾಲು ಹಾಕಿ. ಶೆಟ್ರು ಉತ್ತರ ಬರೆಯುವ ಪೈಕಿ ಅಲ್ಲ ಅಂತಿಟ್ಟುಕೊಳ್ಳಿ. ಶುಕ್ರವಾರ ಹಣ ಬಂದರೆ ಆ ಮೇಲ್ ಓದಿ, ಆ ಬಿಲ್ಲಿಗೆ ಹಣ ಕಟ್ಟಿದ ಹಾಗಾಯಿತು. ಮೌನಕ್ಕಿಂತ ಇದು ಎಷ್ಟೋ ಗಟ್ಟಿ. ಹಣ ಬಂದ ಮೇಲೆ ಅದೇ ಮೇಲ್‌ಗೆ ಉತ್ತರವಾಗಿ ಒಂದು ಸಾಲು ಕಳಿಸಿ: "ಅಡ್ವಾನ್ಸ್ ಬಂತು, ಧನ್ಯವಾದ. ಮೇಲೆ ಬರೆದ ಪ್ರಕಾರ ಇವತ್ತಿನಿಂದ ಕೆಲಸ ಶುರು ಮಾಡುತ್ತಿದ್ದೇನೆ." ಹಣವೂ ಇಲ್ಲ, ಉತ್ತರವೂ ಇಲ್ಲ ಅಂದರೆ ಕೆಲಸವೂ ಶುರುವಾಗಬಾರದು.

ಉತ್ತರ ಬರುವ ಬಗೆಗಳಲ್ಲಿ ಹುಷಾರಾಗಿರಬೇಕಾದ್ದು "ಎಲ್ಲ ಸರಿ, ಆದ್ರೆ ಸೆಪ್ಟೆಂಬರ್ ಒಂದಕ್ಕೇ ಲೈವ್ ಆಗ್ಲಿ" ಅನ್ನುವಂಥದ್ದು. "ಎಲ್ಲ ಸರಿ" ಅನ್ನುವುದು ಕಣ್ಣಿಗೆ ಬೀಳುತ್ತದೆ, "ಆದ್ರೆ" ಬೀಳುವುದಿಲ್ಲ. ಕಾಯಿದೆಯ ಲೆಕ್ಕದಲ್ಲಿ ಒಪ್ಪಿಗೆ ಪೂರ್ತಿಯಾಗಿ, ಷರತ್ತಿಲ್ಲದೆ ಇರಬೇಕು. "ಆದ್ರೆ" ಇದ್ದರೆ ಅದು ಅವರ ಕಡೆಯ ಹೊಸ ಪ್ರಸ್ತಾಪ. ನೀವು ಏನೂ ಹೇಳದೆ ಕೆಲಸಕ್ಕೆ ಕೈಹಾಕಿದರೆ ಸೆಪ್ಟೆಂಬರ್ 1ನ್ನು ನೀವೇ ಒಪ್ಪಿದಿರಿ ಅನ್ನಲು ಅವರಿಗೆ ಜಾಗ ಸಿಗುತ್ತದೆ. ಆಗುತ್ತದೆಯೋ ಇಲ್ಲವೋ ನೋಡಿ ಉತ್ತರಿಸಿ. ಆ ಮಾತು ಬಗೆಹರಿದ ಮೇಲೆ ತಿದ್ದಿದ ಪೂರ್ತಿ ಪಟ್ಟಿಯನ್ನು ಇನ್ನೊಮ್ಮೆ ಕಳಿಸಿ, "ಹಿಂದಿನದರ ಬದಲು ಇದನ್ನು ಇಟ್ಟುಕೊಳ್ಳೋಣ" ಅಂತ ಮೇಲೆ ಬರೆಯಿರಿ. ನಾಲ್ಕು ಮೇಲ್‌ಗಳನ್ನು ಕೂಡಿಸಿ ಕಳೆದು ಓದುವ ಪರಿಸ್ಥಿತಿ ಯಾರಿಗೂ ಬೇಡ.

ವಾಟ್ಸ್‌ಆ್ಯಪ್‌ನಲ್ಲೇ ಎಲ್ಲ ನಡೆಸುವ ಕ್ಲೈಂಟ್ ಇದ್ದರೆ? ಮೇಲ್ ಕಳಿಸಿ, ವಾಟ್ಸ್‌ಆ್ಯಪ್‌ನಲ್ಲಿ "ಮೇಲ್ ಕಳಿಸಿದ್ದೇನೆ ಶೆಟ್ರೇ, ಒಮ್ಮೆ ನೋಡಿ ಇಲ್ಲೇ ಸರಿ ಅನ್ನಿ" ಅಂತ ಹಾಕಿ. ಮೇಲ್ ನೋಡುವುದೇ ಇಲ್ಲ ಅನ್ನುವವರಿಗೆ ಅದೇ ಬರಹವನ್ನು ಪಿಡಿಎಫ್ ಮಾಡಿ ಕಳಿಸಿದರೂ ಆದೀತು. ಎರಡು ಸಂಗತಿ ನೆನಪಿರಲಿ. ಆ ಚಾಟ್‌ನಲ್ಲಿ ಸಂದೇಶಗಳು ತಾವಾಗಿಯೇ ಮಾಯವಾಗುವ ಸೆಟ್ಟಿಂಗ್ ಯಾರಾದರೂ ಹಾಕಿದ್ದರೆ 24 ಗಂಟೆಗೋ, 7 ಅಥವಾ 90 ದಿನಕ್ಕೋ ನಿಮ್ಮ ದಾಖಲೆ ಹೋಗುತ್ತದೆ. ಚಾಟ್ ತೆರೆದು, ಹೆಸರಿನ ಮೇಲೆ ಒತ್ತಿ ಒಮ್ಮೆ ನೋಡಿಕೊಳ್ಳಿ. ಇನ್ನೊಂದು, ಹೆಬ್ಬೆರಳಿನ ಚಿಹ್ನೆ. ಅದು "ನೋಡಿದೆ" ಅಂತಲೂ ಆಗಬಹುದು, "ಒಪ್ಪಿದೆ" ಅಂತಲೂ ಆಗಬಹುದು. ಹಣದ ವಿಷಯದಲ್ಲಿ ಅಕ್ಷರದಲ್ಲೇ "ಸರಿ" ಬರಲಿ.

ಮಧ್ಯದಲ್ಲಿ ಬರುವ ಫೋನುಗಳು

ಮೊದಲ ಮೇಲ್ ಎಷ್ಟೇ ಚೆನ್ನಾಗಿರಲಿ, ಅದು ಹಳತಾಗುವುದು ಎರಡು ಕಡೆ.

ಒಂದು, ಕ್ಲೈಂಟ್ ಕೊಡಬೇಕಾದ್ದು ತಡವಾದಾಗ. ಜುಲೈ 24 ಬಂತು, ಮೆನು ಬಂತು, ಫೋಟೋ ಬರಲಿಲ್ಲ. ಇಲ್ಲಿ ಬಹಳ ಮಂದಿ ಬಾಯಿ ಮುಚ್ಚಿಕೊಂಡು ಕಾಯುತ್ತಾರೆ, "ತಡವಾದ್ರೆ ದಿನಾಂಕ ಮುಂದೆ ಹೋಗುತ್ತೆ ಅಂತ ಬರೆದಿದ್ದೇನಲ್ಲ" ಅನ್ನುವ ಧೈರ್ಯದಲ್ಲಿ. ಆದರೆ ಬರೆದದ್ದು ಹೊಸ ದಿನಾಂಕವನ್ನು ತಿಳಿಸುತ್ತೇನೆ ಅಂತ. ತಿಳಿಸದಿದ್ದರೆ ಶೆಟ್ರ ತಲೆಯಲ್ಲಿ ಸೆಪ್ಟೆಂಬರ್ 4 ಹಾಗೇ ಕೂತಿರುತ್ತದೆ. ಆ ಸಂಜೆಯೇ, ಅದೇ ಮೇಲ್‌ನ ಸರಣಿಯಲ್ಲಿ: "ಮೆನು ಬಂತು, ಫೋಟೋ ಇನ್ನೂ ಬಂದಿಲ್ಲ. ಬುಧವಾರ 29 ಜುಲೈಗೆ ಬಂದರೆ ಲೈವ್ ದಿನಾಂಕ ಬದಲಾಗುವುದಿಲ್ಲ. ಅದಕ್ಕೂ ತಡವಾದರೆ ಲೈವ್ ಬುಧವಾರ 9 ಸೆಪ್ಟೆಂಬರ್‌ಗೆ ಹೋಗುತ್ತದೆ." ಇದು ದೂರು ಅಲ್ಲ, ಆಯ್ಕೆ. ಓದಿದವರು ಫೋಟೋಗ್ರಾಫರಿಗೆ ಫೋನ್ ಮಾಡುತ್ತಾರೆ. ಮೂರು ದಿನ ತಡವಾದರೆ ಮೂರೇ ದಿನ ಮುಂದೆ ಹೋಗುತ್ತದೆ ಅಂತ ಲೆಕ್ಕ ಹಾಕಬೇಡಿ. ನಡುವೆ ನೀವು ಬೇರೆಯವರಿಗೆ ಮಾತು ಕೊಟ್ಟ ಕೆಲಸವೂ ಇರುತ್ತದೆ.

ಇನ್ನೊಂದು, ಹೊಸ ಕೆಲಸ ಸೇರಿದಾಗ. ಆಗಸ್ಟ್ 11ರಂದು ಶೆಟ್ರ ಮಗ ಫೋನ್ ಮಾಡುತ್ತಾನೆ. "ಮರಾಠಿ ಮೆನು ಕೂಡ ಹಾಕಿಬಿಡಿ, ಹಾಗೇ ಕ್ಯಾಟರಿಂಗ್ ವಿಚಾರಣೆಗೆ ಒಂದು ಫಾರ್ಮ್." ಫೋನಿನಲ್ಲಿ "ಆಗಲ್ಲ" ಅನ್ನಬೇಕಿಲ್ಲ, "ಆಯ್ತು" ಅಂತಲೂ ಅನ್ನಬೇಡಿ. "ಮಾಡಬಹುದು, ಎಷ್ಟಾಗುತ್ತೆ, ಯಾವಾಗ ಆಗುತ್ತೆ ಅಂತ ಸಂಜೆ ಬರೀತೇನೆ" ಅಂದರೆ ಸಾಕು. ಬರೆಯುವುದು ತಂದೆಗೆ, ಮಗನಿಗೆ ಪ್ರತಿ. ಒಪ್ಪಂದ ಯಾರ ಜೊತೆ ಆಗಿದೆಯೋ, ಹಣ ಯಾರು ಕೊಡುತ್ತಾರೋ ಅವರ ಹೆಸರಿಗೇ ಹೋಗಬೇಕು.

> ಶೆಟ್ರೇ, ಇವತ್ತು ನಿಮ್ಮ ಮಗ ಎರಡು ವಿಷಯ ಹೇಳಿದರು: ಮರಾಠಿ ಮೆನು ಮತ್ತು ಕ್ಯಾಟರಿಂಗ್ ಫಾರ್ಮ್. ಇವು 14 ಜುಲೈ ಪಟ್ಟಿಯಲ್ಲಿ ಇಲ್ಲ. ಎರಡಕ್ಕೂ ಸೇರಿ 12,000 ರೂ., ಜಿಎಸ್‌ಟಿ ಬೇರೆ. ಮರಾಠಿ ಅನುವಾದ ನಿಮ್ಮಿಂದ ಬರಬೇಕು. ಸೈಟ್ 4 ಸೆಪ್ಟೆಂಬರ್‌ಗೇ ಲೈವ್ ಆಗುತ್ತದೆ. ಇವೆರಡು ಬುಧವಾರ 30 ಸೆಪ್ಟೆಂಬರ್‌ಗೆ ಸೇರುತ್ತವೆ. ನಿಮ್ಮಿಂದ "ಸರಿ" ಬಂದ ಮೇಲೆ ಕೈಹಾಕುತ್ತೇನೆ. ಅಲ್ಲಿಯವರೆಗೆ ಮೊದಲಿನ ಪಟ್ಟಿಯಂತೆಯೇ ಕೆಲಸ ನಡೆಯುತ್ತಿರುತ್ತದೆ.

ಬದಲಾವಣೆಗೆ ಹಣದ ಹಾಗೆ ದಿನಾಂಕವೂ ಸೇರಿರಬೇಕು. ಉಚಿತವಾಗಿ ಮಾಡಿಕೊಡುವ ಸಣ್ಣ ಕೆಲಸವಾದರೂ "ಇದಕ್ಕೆ ಹಣ ಇಲ್ಲ, ಆದರೆ ಎರಡು ದಿನ ಹೆಚ್ಚು ಬೇಕು" ಅಂತ ಬರೆಯಿರಿ. ಇಲ್ಲವಾದರೆ ಅಂಥ ಐದು ಸಣ್ಣ ಉಪಕಾರ ಸೇರಿ ಲೈವ್ ದಿನ ತಪ್ಪಿದಾಗ ತಡ ಯಾಕಾಯಿತು ಅಂತ ತೋರಿಸಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಮೊದಲ ಮೇಲ್‌ಗೆ ನಡವಳಿಕೆಯ ಒಪ್ಪಿಗೆ ನಡೆದೀತು ಅಂದೆ. ಇಲ್ಲಿ ನಾನು ಅಷ್ಟು ಸಡಿಲ ಬಿಡುವುದಿಲ್ಲ. ಹಣ ಹೆಚ್ಚುವ ಬದಲಾವಣೆಗೆ ಬರಹದಲ್ಲೇ "ಸರಿ" ಬೇಕು, ಯಾಕೆಂದರೆ ಅವರ ಕಡೆಯಿಂದ ಹೊಸ ಅಡ್ವಾನ್ಸಿನಂಥ ಯಾವ ಗುರುತೂ ಇರುವುದಿಲ್ಲ.

ಒಪ್ಪಿಸಿದ ದಿನದ ಮೇಲ್

ಕೆಲಸ ಮುಗಿದ ದಿನ ಇನ್ನೊಂದು ಮೇಲ್ ಹೋಗಬೇಕು. ಹೆಚ್ಚಿನವರು ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಹಾಕಿ "ಲೈವ್ ಆಯ್ತು" ಅಂತ ಸುಮ್ಮನಾಗುತ್ತಾರೆ. ಬದಲಿಗೆ ಹೀಗೆ ಬರೆಯಿರಿ: "ಇವತ್ತು, ಶುಕ್ರವಾರ 4 ಸೆಪ್ಟೆಂಬರ್, 14 ಜುಲೈ ಮೇಲ್‌ನಲ್ಲಿ ಬರೆದ ಕೆಲಸವನ್ನು ಒಪ್ಪಿಸಿದ್ದೇನೆ. ಮಾಟುಂಗಾ ಮತ್ತು ವಾಶಿಗೆ ಹಾಕಿದ ಎರಡು ಟೆಸ್ಟ್ ಆರ್ಡರ್‌ಗಳೂ ಕೌಂಟರಿಗೆ ಬಂದಿವೆ, ಸ್ಕ್ರೀನ್‌ಶಾಟ್ ಜೊತೆಗಿದೆ. ಏನಾದರೂ ಸರಿಯಿಲ್ಲ ಅನಿಸಿದರೆ ಬರೆದು ತಿಳಿಸಿ. ಕೊನೆಯ ಬಿಲ್ ಇದರೊಂದಿಗೆ."

ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆ ನಿಮ್ಮದಾಗಿದ್ದರೆ, ಅದೂ ಕೆಲಸ ಹಿಡಿಯುವ ಮೊದಲೇ ಆಗಿದ್ದರೆ, ಈ ದಿನಾಂಕಕ್ಕೆ ಬೇರೆಯೇ ತೂಕವಿದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯಿದೆಯಲ್ಲಿ ಸೇವೆ ಕೊಟ್ಟ ದಿನದಿಂದ 15 ದಿನದೊಳಗೆ ಕ್ಲೈಂಟ್ ಬರಹದಲ್ಲಿ ಆಕ್ಷೇಪಿಸದಿದ್ದರೆ ಸೇವೆಯನ್ನು ಸ್ವೀಕರಿಸಿದಂತೆಯೇ ಲೆಕ್ಕ. ಮೌನಕ್ಕೆ ಕಾನೂನೇ ಅರ್ಥ ಕೊಡುವ ಜಾಗ ಇದು. ಹಣ ಕೊಡುವ ದಿನವನ್ನು ಬರಹದಲ್ಲಿ ಒಪ್ಪಿಕೊಂಡಿದ್ದರೆ ಆ ದಿನಕ್ಕೆ ಕೊಡಬೇಕು. ಆದರೆ ಸ್ವೀಕರಿಸಿದ ದಿನದಿಂದ 45 ದಿನ ಮೀರುವಂತೆ ಒಪ್ಪಂದ ಮಾಡಿಕೊಳ್ಳಲು ಬರುವುದಿಲ್ಲ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳ ಚಕ್ರಬಡ್ಡಿ ಲೆಕ್ಕದಲ್ಲಿ. ಇಂಥ ಬಾಕಿಯ ತಕರಾರು ನೋಡಲೆಂದೇ ಇರುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ದೂರು ಕೊಡುವ ದಾರಿಯೂ ಇದೆ. ಕೆಲಸ ಒಪ್ಪಿಸಿದ ದಿನ ಯಾವುದು ಅಂತ ತೋರಿಸುವ ಮೇಲ್ ಇಲ್ಲದಿದ್ದರೆ ಈ ಎಣಿಕೆ ಎಲ್ಲಿಂದ ಶುರು ಅನ್ನುವುದೇ ವಾದವಾಗುತ್ತದೆ.

ಈ ಮೇಲ್‌ಗಳನ್ನು ಅಳಿಸಬೇಡಿ, ಬರೀ ಸ್ಕ್ರೀನ್‌ಶಾಟ್ ಇಟ್ಟುಕೊಂಡು ತೃಪ್ತರಾಗಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಜೊತೆಗೆ ಪ್ರಮಾಣಪತ್ರ ಬೇಕು. ಮೂಲ ಮೇಲ್ ನಿಮ್ಮ ಖಾತೆಯಲ್ಲಿ, ಮೂಲ ಚಾಟ್ ನಿಮ್ಮ ಫೋನಿನಲ್ಲಿ ಇದ್ದರೆ ಆ ಕೆಲಸ ಸಲೀಸು. ಬಾಕಿ ಹಣಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇರುವುದರಿಂದ ಅಷ್ಟು ಕಾಲವಾದರೂ ಇಟ್ಟುಕೊಳ್ಳಿ. ಫೋನ್ ಬದಲಿಸುವಾಗ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡುವ ಮೊದಲು ಕ್ಲೈಂಟುಗಳ ಚಾಟ್ ಹೊಸ ಫೋನಿಗೆ ಬಂದಿದೆಯೇ ಅಂತ ತೆರೆದು ನೋಡಿಕೊಳ್ಳಿ.